ಸಂಬಳದ ನಡುವಿನ ಬೆಣೆ

19 ಮಂದಿ ದುಡಿಯುವ ಒಂದು ಹೊಲಿಗೆ ಘಟಕವನ್ನು ಊಹಿಸಿಕೊಳ್ಳಿ. ಎಲ್ಲರಿಗೂ ಮೂಲ ವೇತನ, ತುಟ್ಟಿಭತ್ಯೆ ಸೇರಿ ತಿಂಗಳಿಗೆ 15,000 ರೂ. ಇಎಸ್‌ಐ 10 ಮಂದಿಯಾದಾಗಲೇ ಬಂದಿದೆ. ಇನ್ನೊಬ್ಬರು ಸೇರಿ 20 ಆದರೆ ಪಿಎಫ್ ಕೂಡ ಕಡ್ಡಾಯ.

ಆಗ ಮಾಲೀಕರು ಪ್ರತಿಯೊಬ್ಬರಿಗೂ ಸಂಬಳದ ಮೇಲೆ ಪಿಎಫ್‌ಗೆ ವಿಮೆ, ಆಡಳಿತ ಶುಲ್ಕ ಸೇರಿ ಶೇ. 13, ಅಂದರೆ 1,950 ರೂ., ಇಎಸ್‌ಐಗೆ ಶೇ. 3.25, ಅಂದರೆ 488 ರೂ. ಕಟ್ಟಬೇಕು. ಒಟ್ಟು ವೆಚ್ಚ 17,438 ರೂ. ಅತ್ತ ಕೆಲಸಗಾರರ ಸಂಬಳದಿಂದ ಪಿಎಫ್ 1,800, ಇಎಸ್‌ಐ 113 ಕಡಿತವಾಗಿ ಕೈಗೆ ಸಿಗುವುದು 13,087 ರೂ. ನಡುವಿನ 4,351 ರೂಪಾಯಿಯನ್ನು ಅರ್ಥಶಾಸ್ತ್ರದಲ್ಲಿ ಟ್ಯಾಕ್ಸ್ ವೆಜ್ ಎನ್ನುತ್ತಾರೆ. ವೆಜ್ ಎಂದರೆ ಬೆಣೆ. ಇಲ್ಲಿ ಅದು ಒಟ್ಟು ವೆಚ್ಚದ ಸುಮಾರು ಕಾಲು ಭಾಗ.

ಪಿಎಫ್ ಹಣ ಬಡ್ಡಿಸಮೇತ ಕೆಲಸಗಾರರಿಗೇ ಮರಳುವುದರಿಂದ ಅದನ್ನು ಪೂರ್ತಿ ತೆರಿಗೆ ಎನ್ನಲಾಗದು. ಅದನ್ನು ತಮ್ಮದೇ ಉಳಿತಾಯವೆಂದು ಎಣಿಸುವವರು ಸ್ವಲ್ಪ ಕಡಿಮೆ ಸಂಬಳಕ್ಕೂ ಒಪ್ಪಬಹುದು; ಆಗ ನೇಮಕಾತಿ ಅಷ್ಟಾಗಿ ಕುಗ್ಗದು. ಆದರೆ ಈ ತಿಂಗಳ ಬಾಡಿಗೆಗೆ ಪರದಾಡುವವರಿಗೆ ಹಾಗನ್ನಿಸುವುದು ಕಷ್ಟ. ಕನಿಷ್ಠ ವೇತನಕ್ಕಿಂತ ಕೆಳಗೆ ಸಂಬಳ ಇಳಿಸಲೂ ಆಗದು. ಭಾರವೆಲ್ಲ ಮಾಲೀಕರ ಮೇಲೆ ಉಳಿಯುತ್ತದೆ.

ಇನ್ನು 20ನೆಯವರ ಲೆಕ್ಕ ನೋಡಿ. ಅವರ ಸಂಬಳ, ಇಎಸ್‌ಐ ಸೇರಿ 15,488 ರೂ. ಜೊತೆಗೆ ಇಪ್ಪತ್ತೂ ಮಂದಿಯ ಪಿಎಫ್ 39,000 ರೂ. ಆ ಒಬ್ಬರಿಂದ ತಿಂಗಳ ಖರ್ಚು 54,488 ರೂ. ಏರುತ್ತದೆ! ಹಾಗಾಗಿಯೇ ಆರ್ಡರ್ ಹೆಚ್ಚಿದರೂ ಕೆಲವರು 19ಕ್ಕೇ ನಿಂತು ಓವರ್‌ಟೈಮ್ ಮಾಡಿಸುತ್ತಾರೆ, ಇಲ್ಲವೇ ಹೊಸಬರ ಹೆಸರನ್ನು ಹಾಜರಿ ಪುಸ್ತಕದಲ್ಲಿ ಬರೆಯುವುದೇ ಇಲ್ಲ.