ಬ್ಯಾಟರಿ ಇಲ್ಲದೆ ಡೈನಮೊ ತಾನೇ ಹೇಗೆ ಎಚ್ಚರಗೊಳ್ಳುತ್ತದೆ? – ಷಂಟ್ ಡಿ.ಸಿ. ಜನರೇಟರಿನ ಪಾಠ

ವಿದ್ಯಾರ್ಥಿಗಳೇ, ನಮ್ಮ ದರೋಜಿ ಸ್ಟೇಷನ್ನಿನಲ್ಲಿ ಮೀಟರ್ ಗೇಜ್ ಗಾಡಿಗಳು ನಿಲ್ಲುತ್ತಿದ್ದ ಕಾಲವನ್ನು ನಿಮ್ಮ ಮನೆಯ ಹಿರಿಯರು ಕಂಡಿದ್ದಾರೆ. ಆಗಿನ ಬೋಗಿಗಳ ದೀಪಕ್ಕೆ ಎಂಜಿನ್ನಿನಿಂದ ಕರೆಂಟು ಬರುತ್ತಿರಲಿಲ್ಲ. ಬೋಗಿಯ ಅಡಿಯಲ್ಲಿ ಒಂದು ಡೈನಮೊ ತೂಗುಹಾಕಿರುತ್ತಿತ್ತು. ಗಾಲಿಯ ಅಚ್ಚಿನಿಂದ ಬೆಲ್ಟಿನ ಮೂಲಕ ಅದು ತಿರುಗುತ್ತಿತ್ತು. ಗಾಡಿ ಓಡುವಾಗ ಡೈನಮೊ ದೀಪಗಳಿಗೂ ಬ್ಯಾಟರಿಗೂ ಕರೆಂಟು ಕೊಡುತ್ತಿತ್ತು. ಗಾಡಿ ನಿಂತಾಗ ಬ್ಯಾಟರಿಯೇ ದೀಪ ಉರಿಸುತ್ತಿತ್ತು. 24 ವೋಲ್ಟಿನ ಈ ವ್ಯವಸ್ಥೆಯಲ್ಲಿದ್ದ ಡೈನಮೊ ಷಂಟ್ ಜಾತಿಯದು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಜನರೇಟರ್ ಕರೆಂಟು ಕೊಡಲು ಕಾಂತಕ್ಷೇತ್ರ ಬೇಕು. ಕಾಂತಕ್ಷೇತ್ರ ಉಂಟಾಗಲು ಫೀಲ್ಡ್ ಸುರುಳಿಯಲ್ಲಿ ಕರೆಂಟು ಬೇಕು. ಆ ಕರೆಂಟನ್ನು ಅದೇ ಜನರೇಟರ್ ಕೊಡಬೇಕು ಎಂದರೆ, ಮೊದಲು ಯಾವುದು? ಈ ಪಾಠದಲ್ಲಿ ಇದೊಂದು ಪ್ರಶ್ನೆಯನ್ನೇ ಹಿಡಿದು ಕೊನೆಯವರೆಗೆ ಹೋಗೋಣ.

ಪ್ರಚೋದನೆಯ ವಿಧಗಳು

ಡಿ.ಸಿ. ಜನರೇಟರಿನಲ್ಲಿ ಹುಟ್ಟುವ ವಿದ್ಯುಚ್ಚಾಲಕ ಬಲ `E = k × Φ × N`. ಇಲ್ಲಿ Φ ಎಂದರೆ ಒಂದು ಧ್ರುವದ ಕಾಂತ ಅಭಿವಾಹ, N ಎಂದರೆ ತಿರುಗುವ ವೇಗ, k ಆ ಯಂತ್ರದ ಸ್ಥಿರಾಂಕ. Φ ಅನ್ನು ಒದಗಿಸುವ ಕೆಲಸಕ್ಕೆ ಪ್ರಚೋದನೆ ಎಂದು ಹೆಸರು.

ಬ್ಯಾಟರಿಯಂಥ ಹೊರಗಿನ ಮೂಲದಿಂದ ಫೀಲ್ಡ್ ಕರೆಂಟು ಕೊಟ್ಟರೆ ಅದು ಪ್ರತ್ಯೇಕ ಪ್ರಚೋದನೆ. ಯಂತ್ರವೇ ತನ್ನ ಫೀಲ್ಡಿಗೆ ಕರೆಂಟು ಕೊಟ್ಟುಕೊಂಡರೆ ಸ್ವಯಂ ಪ್ರಚೋದನೆ. ಇದರಲ್ಲಿ ಮೂರು ಬಗೆ. ಫೀಲ್ಡ್ ಸುರುಳಿ ಆರ್ಮೇಚರಿಗೆ ಸಮಾಂತರವಾಗಿದ್ದರೆ ಷಂಟ್. ಈ ಸುರುಳಿಯ ತಂತಿ ತೆಳು, ಸುತ್ತುಗಳು ಹೆಚ್ಚು, ರೋಧವೂ ಹೆಚ್ಚು. ಫೀಲ್ಡ್ ಸುರುಳಿ ಆರ್ಮೇಚರಿಗೆ ಸರಣಿಯಲ್ಲಿದ್ದರೆ ಸೀರೀಸ್. ಇಲ್ಲಿ ತಂತಿ ದಪ್ಪ, ಸುತ್ತುಗಳು ಕಡಿಮೆ. ಎರಡೂ ಇದ್ದರೆ ಕಾಂಪೌಂಡ್.

ಯಂತ್ರ ತನ್ನ ಫೀಲ್ಡನ್ನು ತಾನೇ ಎಬ್ಬಿಸಿಕೊಳ್ಳಬಲ್ಲದು ಎಂಬ ತತ್ವವನ್ನು 1867ರಲ್ಲಿ ವರ್ನರ್ ಸೀಮೆನ್ಸ್ ಬರ್ಲಿನ್ನಿನಲ್ಲೂ ಚಾರ್ಲ್ಸ್ ವೀಟ್‌ಸ್ಟನ್ ಲಂಡನ್ನಿನಲ್ಲೂ ಕೆಲವೇ ವಾರಗಳ ಅಂತರದಲ್ಲಿ ಮಂಡಿಸಿದರು.

ಬೀಜ ಎಲ್ಲಿದೆ?

ದ್ವಿತೀಯ ಪಿ.ಯು. ಭೌತಶಾಸ್ತ್ರದ ಕಾಂತತ್ವದ ಪಾಠವನ್ನು ನೆನಪಿಸಿಕೊಳ್ಳಿ. ಕಬ್ಬಿಣವನ್ನು ಒಮ್ಮೆ ಕಾಂತಗೊಳಿಸಿ ಕರೆಂಟು ತೆಗೆದರೂ ಕಾಂತತ್ವ ಪೂರ್ತಿ ಸೊನ್ನೆಗೆ ಇಳಿಯುವುದಿಲ್ಲ, ಸ್ವಲ್ಪ ಉಳಿಯುತ್ತದೆ. ಇದೇ ಶೇಷ ಕಾಂತತ್ವ. ಹಿಂದಿನ ಸಲ ಓಡಿದಾಗ ಧ್ರುವಗಳ ಕಬ್ಬಿಣದಲ್ಲಿ ಉಳಿದ ಈ ಅಲ್ಪ ಕಾಂತತ್ವವೇ ನಮ್ಮ ಪ್ರಶ್ನೆಗೆ ಉತ್ತರ. ಆರ್ಮೇಚರ್ ತಿರುಗಿದ ಕೂಡಲೆ ಈ ಅಲ್ಪ Φ ಇಂದ ಕೆಲವು ವೋಲ್ಟು ಹುಟ್ಟುತ್ತದೆ. ಆ ವೋಲ್ಟೇಜು ಫೀಲ್ಡ್ ಸುರುಳಿಯಲ್ಲಿ ಸಣ್ಣ ಕರೆಂಟು ಹರಿಸುತ್ತದೆ. ಆ ಕರೆಂಟು ಕಾಂತಕ್ಷೇತ್ರವನ್ನು ಹೆಚ್ಚಿಸುತ್ತದೆ, ಹೆಚ್ಚಿದ ಕ್ಷೇತ್ರ ವೋಲ್ಟೇಜನ್ನು ಹೆಚ್ಚಿಸುತ್ತದೆ. ಹೀಗೆ ಏರುತ್ತಾ ಹೋಗುತ್ತದೆ.

ಹಾಗಾದರೆ ಇದು ಎಲ್ಲಿ ನಿಲ್ಲುತ್ತದೆ? ಅಂಕಿಗಳನ್ನು ಇಟ್ಟುಕೊಂಡೇ ನೋಡೋಣ.

ಒಂದು ಉದಾಹರಣೆ

1000 ಆರ್‌ಪಿಎಂ ವೇಗದಲ್ಲಿ ತಿರುಗುವ ಒಂದು ಯಂತ್ರವನ್ನು ಊಹಿಸಿಕೊಳ್ಳಿ. ಲೋಡ್ ಹಾಕದೆ, ಫೀಲ್ಡಿಗೆ ಹೊರಗಿನಿಂದ ಬೇರೆ ಬೇರೆ ಕರೆಂಟು ಕೊಟ್ಟು ವೋಲ್ಟೇಜನ್ನು ಅಳೆದಿದ್ದೇವೆ:

| ಫೀಲ್ಡ್ ಕರೆಂಟು (ಆಂಪಿಯರ್) | ವೋಲ್ಟೇಜು (ವೋಲ್ಟ್) |
|---|---|
| 0 | 5 |
| 0.5 | 60 |
| 1.0 | 115 |
| 1.5 | 160 |
| 2.0 | 190 |
| 2.5 | 210 |
| 3.0 | 222 |
| 3.5 | 230 |

ಇದನ್ನು ಗ್ರಾಫ್ ಹಾಳೆಯ ಮೇಲೆ ಬರೆದರೆ ಸಿಗುವುದೇ ತೆರೆದ ಮಂಡಲ ಲಕ್ಷಣ ರೇಖೆ. ಮೂರು ಸಂಗತಿ ಗಮನಿಸಿ. ಕರೆಂಟು ಸೊನ್ನೆ ಇದ್ದಾಗಲೂ 5 ವೋಲ್ಟ್ ಇದೆ, ಅದು ಶೇಷ ಕಾಂತತ್ವದ್ದು. 1 ಆಂಪಿಯರ್‌ವರೆಗೆ ರೇಖೆ ನೇರವಾಗಿ ಏರುತ್ತದೆ. ಆಮೇಲೆ ಬಾಗುತ್ತದೆ, ಏಕೆಂದರೆ ಕಬ್ಬಿಣ ಸಂತೃಪ್ತವಾಗುತ್ತಾ ಬರುತ್ತದೆ.

ಈಗ ಹೊರಗಿನ ಮೂಲವನ್ನು ತೆಗೆದು, ಫೀಲ್ಡನ್ನು ಆರ್ಮೇಚರಿಗೇ ಜೋಡಿಸೋಣ. ಫೀಲ್ಡ್ ಮಂಡಲದ ಒಟ್ಟು ರೋಧ 74 ಓಮ್ ಇರಲಿ. ಆರ್ಮೇಚರಿನ ರೋಧ ಬಹಳ ಚಿಕ್ಕದು, ಸದ್ಯ ಬಿಟ್ಟುಬಿಡೋಣ.

ಮೊದಲ 5 ವೋಲ್ಟ್ 74 ಓಮ್‌ನಲ್ಲಿ ಸುಮಾರು 0.07 ಆಂಪಿಯರ್ ಹರಿಸುತ್ತದೆ. ಅಷ್ಟು ಕರೆಂಟಿಗೆ ರೇಖೆಯ ಪ್ರಕಾರ ಸುಮಾರು 12 ವೋಲ್ಟ್ ಹುಟ್ಟುತ್ತದೆ. 12 ವೋಲ್ಟ್ 0.17 ಆಂಪಿಯರ್ ಹರಿಸುತ್ತದೆ, ಅದರಿಂದ 23 ವೋಲ್ಟ್. ಮುಂದೆ ಸುಮಾರು 40, 64, 100, 147, 189, 211 ಎಂದು ಏರಿ 222 ವೋಲ್ಟಿನಲ್ಲಿ ನಿಲ್ಲುತ್ತದೆ. ಅಲ್ಲೇ ಏಕೆ? 3 ಆಂಪಿಯರ್ × 74 ಓಮ್ = 222 ವೋಲ್ಟ್. ಅಂದರೆ 3 ಆಂಪಿಯರನ್ನು ಹರಿಸಲು ಬೇಕಾದದ್ದು 222 ವೋಲ್ಟ್, 3 ಆಂಪಿಯರಿನಿಂದ ಹುಟ್ಟುವುದೂ 222 ವೋಲ್ಟ್. ಇನ್ನು ಏರಲು ಮಿಗುವ ವೋಲ್ಟೇಜು ಇಲ್ಲ.

ನಿಜದಲ್ಲಿ ಇದು ಮೆಟ್ಟಿಲು ಮೆಟ್ಟಿಲಾಗಿ ಅಲ್ಲ, ಒಂದೇ ಸಮನೆ ಏರುತ್ತದೆ. ಹುಟ್ಟುವ ವೋಲ್ಟೇಜಿನಿಂದ ರೋಧಕ್ಕೆ ಬೇಕಾದ ವೋಲ್ಟೇಜನ್ನು ಕಳೆದರೆ ಉಳಿಯುವ ಭಾಗ ಸುರುಳಿಯ ಸ್ವಯಂ ಪ್ರೇರಣೆಯನ್ನು ಮೀರಿ ಕರೆಂಟನ್ನು ಹೆಚ್ಚಿಸುತ್ತದೆ. ಆ ಉಳಿಕೆ ಸೊನ್ನೆಯಾದಾಗ ಏರಿಕೆ ನಿಲ್ಲುತ್ತದೆ. ಗ್ರಾಫಿನಲ್ಲಿ ಮೂಲಬಿಂದುವಿನಿಂದ 74 ಓಮ್ ಇಳಿಜಾರಿನ ಸರಳರೇಖೆ ಎಳೆದರೆ, ಅದು ಬಾಗಿದ ರೇಖೆಯನ್ನು ಕತ್ತರಿಸುವ ಬಿಂದುವೇ ಉತ್ತರ. ಕಬ್ಬಿಣ ಸಂತೃಪ್ತವಾಗದೆ ಇದ್ದಿದ್ದರೆ ರೇಖೆ ಬಾಗುತ್ತಿರಲಿಲ್ಲ, ಕತ್ತರಿಸುವ ಬಿಂದುವೂ ಸಿಗುತ್ತಿರಲಿಲ್ಲ.

ಕ್ರಾಂತಿಕ ರೋಧ, ಕ್ರಾಂತಿಕ ವೇಗ

ಈಗ ಫೀಲ್ಡ್ ರಿಯೊಸ್ಟಾಟನ್ನು ತಿರುಗಿಸಿ ರೋಧವನ್ನು 150 ಓಮ್ ಮಾಡಿ. 150 ಓಮ್ ರೇಖೆ ಬಹಳ ಕಡಿದಾಗಿದೆ. ಅದು ಲಕ್ಷಣ ರೇಖೆಯನ್ನು ಬುಡದಲ್ಲೇ, ಸುಮಾರು 19 ವೋಲ್ಟಿನಲ್ಲಿ ಕತ್ತರಿಸುತ್ತದೆ. ಯಂತ್ರ ಅಲ್ಲೇ ನಿಂತುಬಿಡುತ್ತದೆ. ನಮ್ಮ ರೇಖೆಯ ನೇರ ಭಾಗದ ಇಳಿಜಾರು 0.5 ಆಂಪಿಯರಿಗೆ 55 ವೋಲ್ಟ್, ಅಂದರೆ 110 ಓಮ್. ಇದೇ ಈ ವೇಗದಲ್ಲಿ ಕ್ರಾಂತಿಕ ರೋಧ. ಫೀಲ್ಡ್ ಮಂಡಲದ ರೋಧ ಇದಕ್ಕಿಂತ ಕಡಿಮೆ ಇದ್ದರೆ ಮಾತ್ರ ವೋಲ್ಟೇಜು ಸರಿಯಾಗಿ ಕಟ್ಟಿಕೊಳ್ಳುತ್ತದೆ.

ವೇಗ ಇಳಿದರೆ ಇಡೀ ಲಕ್ಷಣ ರೇಖೆಯೇ ಅದೇ ಪ್ರಮಾಣದಲ್ಲಿ ಕೆಳಗಿಳಿಯುತ್ತದೆ. 600 ಆರ್‌ಪಿಎಂನಲ್ಲಿ ಕ್ರಾಂತಿಕ ರೋಧ 110 × 0.6 = 66 ಓಮ್. ನಮ್ಮ ಫೀಲ್ಡ್ 74 ಓಮ್. ಆದ್ದರಿಂದ ಯಂತ್ರ ಸುಮಾರು 28 ವೋಲ್ಟಿನಲ್ಲೇ ಉಳಿಯುತ್ತದೆ. 74 ಓಮ್‌ಗೆ ಕ್ರಾಂತಿಕ ವೇಗ `1000 × 74 ÷ 110`, ಅಂದರೆ ಸುಮಾರು 673 ಆರ್‌ಪಿಎಂ. ರೈಲು ಸ್ಟೇಷನ್ನಿನಿಂದ ನಿಧಾನವಾಗಿ ಹೊರಡುವಾಗ ಡೈನಮೊ ತಿರುಗುತ್ತಿದ್ದರೂ ದೀಪದ ಭಾರ ಬ್ಯಾಟರಿಯ ಮೇಲೇ ಇರುತ್ತಿದ್ದುದು ಏಕೆಂದು ಈಗ ತಿಳಿಯಿತಲ್ಲವೇ? ಡೈನಮೊದ ವೋಲ್ಟೇಜು ಬ್ಯಾಟರಿಯದನ್ನು ಮೀರಿದ ಮೇಲಷ್ಟೇ ಸ್ವಯಂಚಾಲಿತ ಸ್ವಿಚ್ ಅದನ್ನು ಮಂಡಲಕ್ಕೆ ಸೇರಿಸುತ್ತಿತ್ತು.

ಗಾಡಿ ಹಿಂದಕ್ಕೆ ಹೊರಟರೆ?

ಬೋಗಿ ಇವತ್ತು ಹೊಸಪೇಟೆಯ ಕಡೆಗೆ ಓಡುತ್ತದೆ, ನಾಳೆ ಅದೇ ಬೋಗಿ ಬಳ್ಳಾರಿಯ ಕಡೆಗೆ ಹೊರಡುತ್ತದೆ. ಬೋಗಿಯನ್ನು ಯಾರೂ ತಿರುಗಿಸಿ ನಿಲ್ಲಿಸುವುದಿಲ್ಲ. ಆದ್ದರಿಂದ ಡೈನಮೊ ಉಲ್ಟಾ ತಿರುಗುತ್ತದೆ. ಶೇಷ ಕಾಂತತ್ವದ ದಿಕ್ಕು ಹಾಗೇ ಇದೆ, ತಿರುಗುವ ದಿಕ್ಕು ಮಾತ್ರ ಬದಲಾಗಿದೆ. ಆಗ 5 ವೋಲ್ಟ್ ಉಲ್ಟಾ ಹುಟ್ಟುತ್ತದೆ, ಫೀಲ್ಡಿನಲ್ಲಿ ಕರೆಂಟೂ ಉಲ್ಟಾ ಹರಿಯುತ್ತದೆ. ಅದು ಶೇಷ ಕಾಂತತ್ವಕ್ಕೆ ಸಹಾಯ ಮಾಡುವ ಬದಲು ಅದನ್ನೇ ಅಳಿಸಲು ನೋಡುತ್ತದೆ. ವೋಲ್ಟೇಜು ಏರುವುದಿಲ್ಲ, ಇನ್ನೂ ಇಳಿಯುತ್ತದೆ.

ಫೀಲ್ಡಿನ ಎರಡು ತುದಿಗಳನ್ನು ಅದಲುಬದಲು ಮಾಡಿದರೆ ವೋಲ್ಟೇಜೇನೋ ಏರುತ್ತದೆ. ಆದರೆ ಪ್ಲಸ್ ಇದ್ದ ಕಡೆ ಮೈನಸ್ ಬರುತ್ತದೆ, ಬ್ಯಾಟರಿಗೆ ಅದು ಅಪಾಯ. ರೈಲಿನ ದೀಪಗಳಿಗೆ ಹೆಸರಾಗಿದ್ದ ಸ್ಟೋನ್ ಡೈನಮೊದಲ್ಲಿ ಇದಕ್ಕೊಂದು ಸರಳ ಉಪಾಯವಿತ್ತು. ಬ್ರಷ್‌ಗಳನ್ನು ಹೊತ್ತ ಚೌಕಟ್ಟು ತಾನೇ ಜರುಗುವಂತೆ ಇಟ್ಟಿದ್ದರು. ತಿರುಗುವ ದಿಕ್ಕು ಬದಲಾದಾಗ ಘರ್ಷಣೆಯೇ ಅದನ್ನು ಎಳೆದುಕೊಂಡು ಹೋಗಿ ಒಂದು ಧ್ರುವದ ಅಂತರದಷ್ಟು ಸರಿಸುತ್ತಿತ್ತು. ಆಗ ಬ್ರಷ್‌ಗಳ ಪ್ಲಸ್–ಮೈನಸ್ ಮೊದಲಿನಂತೆಯೇ ಆಗುತ್ತದೆ. ಫೀಲ್ಡ್ ಕರೆಂಟಿನ ದಿಕ್ಕೂ ಸರಿಯಾಗುತ್ತದೆ, ಬ್ಯಾಟರಿಯೂ ಸುರಕ್ಷಿತ.

ವೋಲ್ಟೇಜು ಏರದಿದ್ದರೆ ಕಾರಣ ಹುಡುಕುವುದು

ಲ್ಯಾಬಿನಲ್ಲಿ ಮೊದಲು ಲೋಡ್ ತೆಗೆದುಹಾಕಿ. ಲೋಡ್ ಇದ್ದರೆ ಆ ಅಲ್ಪ ವೋಲ್ಟೇಜು ಅದರಲ್ಲೇ ಕರಗಿಹೋಗಬಹುದು. ಆಮೇಲೆ ಫೀಲ್ಡ್ ಸ್ವಿಚ್ ತೆರೆದಿಟ್ಟು, ಪೂರ್ಣ ವೇಗದಲ್ಲಿ ಓಡಿಸಿ, ವೋಲ್ಟ್‌ಮೀಟರ್ ನೋಡಿ.

1. ಸೊನ್ನೆ ತೋರಿಸಿದರೆ: ಬ್ರಷ್‌ಗಳು ಕಮ್ಯುಟೇಟರಿಗೆ ಸರಿಯಾಗಿ ತಾಗಿದ್ದರೆ, ಶೇಷ ಕಾಂತತ್ವ ಹೋಗಿದೆ. ಯಂತ್ರ ನಿಲ್ಲಿಸಿ, ಫೀಲ್ಡನ್ನು ಆರ್ಮೇಚರಿನಿಂದ ಬಿಡಿಸಿ, ಬ್ಯಾಟರಿಯಿಂದ ಸರಿಯಾದ ದಿಕ್ಕಿನಲ್ಲಿ ಕೆಲವು ಸೆಕೆಂಡು ಕರೆಂಟು ಕೊಡಿ. ಇದಕ್ಕೆ ಫೀಲ್ಡ್ ಫ್ಲ್ಯಾಶಿಂಗ್ ಎನ್ನುತ್ತಾರೆ.

2. ಕೆಲವು ವೋಲ್ಟ್ ಇದ್ದು, ಫೀಲ್ಡ್ ಸ್ವಿಚ್ ಹಾಕಿದಾಗ ಇಳಿದರೆ: ಫೀಲ್ಡಿನ ಜೋಡಣೆ ಅಥವಾ ತಿರುಗುವ ದಿಕ್ಕು ಉಲ್ಟಾ ಆಗಿದೆ.

3. ಸ್ವಿಚ್ ಹಾಕಿದಾಗ ಸ್ವಲ್ಪ ಏರಿ ನಿಂತರೆ: ರೋಧ ಹೆಚ್ಚು, ಇಲ್ಲವೇ ವೇಗ ಕಡಿಮೆ. ರಿಯೊಸ್ಟಾಟ್ ಇಳಿಸಿ, ವೇಗ ಅಳೆಯಿರಿ, ಬ್ರಷ್‌ಗಳ ಕೊಳೆ ನೋಡಿ.

4. ಸ್ವಿಚ್ ಹಾಕಿದರೂ ಮುಳ್ಳು ಅಲುಗದಿದ್ದರೆ: ಫೀಲ್ಡ್ ಮಂಡಲ ಎಲ್ಲೋ ತುಂಡಾಗಿದೆ.

ಎಚ್ಚರಿಕೆ: ಓಡುತ್ತಿರುವ ಯಂತ್ರದ ಫೀಲ್ಡ್ ತಂತಿಯನ್ನು ಕೈಯಿಂದ ಕಿತ್ತು ತೆಗೆಯಬೇಡಿ. ಸುರುಳಿಯ ಸ್ವಯಂ ಪ್ರೇರಣೆಯಿಂದ ಆ ಕ್ಷಣ ಬಹಳ ಹೆಚ್ಚಿನ ವೋಲ್ಟೇಜು ಹುಟ್ಟುತ್ತದೆ.

ಲೋಡ್ ಹಾಕಿದ ಮೇಲೆ

ಷಂಟ್ ಯಂತ್ರಕ್ಕೆ ಲೋಡ್ ಹೆಚ್ಚಿಸಿದಂತೆ ವೋಲ್ಟೇಜು ಸ್ವಲ್ಪ ಸ್ವಲ್ಪ ಇಳಿಯುತ್ತದೆ. ಆರ್ಮೇಚರಿನ ರೋಧದಲ್ಲಿ ಒಂದಿಷ್ಟು ಹೋಗುತ್ತದೆ. ಆರ್ಮೇಚರ್ ಕರೆಂಟಿನ ಕ್ಷೇತ್ರ ಮುಖ್ಯ ಕ್ಷೇತ್ರವನ್ನು ದುರ್ಬಲಗೊಳಿಸುತ್ತದೆ. ಈ ಎರಡರಿಂದ ವೋಲ್ಟೇಜು ಇಳಿದಾಗ ಫೀಲ್ಡ್ ಕರೆಂಟೂ ಇಳಿದು ಮತ್ತಷ್ಟು ಇಳಿಯುತ್ತದೆ. ಪೂರ್ತಿ ಷಾರ್ಟ್ ಆದರೆ ಫೀಲ್ಡಿಗೆ ವೋಲ್ಟೇಜೇ ಇಲ್ಲದೆ, ಕೊನೆಗೆ ಶೇಷ ಕಾಂತತ್ವದ ಕರೆಂಟಷ್ಟೇ ಉಳಿಯುತ್ತದೆ. ಸೀರೀಸ್ ಯಂತ್ರದ ನಡತೆ ಬೇರೆ: ಲೋಡ್ ಇಲ್ಲದಿದ್ದರೆ ಅದರ ವೋಲ್ಟೇಜು ಏರುವುದೇ ಇಲ್ಲ, ಲೋಡ್ ಹೆಚ್ಚಿದಂತೆ ಮೊದಲು ಏರುತ್ತದೆ. ಎರಡನ್ನೂ ಹದವಾಗಿ ಸೇರಿಸಿದ ಕಾಂಪೌಂಡ್ ಯಂತ್ರ ವೋಲ್ಟೇಜನ್ನು ಹೆಚ್ಚುಕಡಿಮೆ ಸಮವಾಗಿ ಇಡುತ್ತದೆ.

ಮಾಡಿ ನೋಡಿ

1. ಮೇಲಿನ ಕೋಷ್ಟಕವನ್ನು ಗ್ರಾಫ್ ಹಾಳೆಯಲ್ಲಿ ಬರೆದು, ಫೀಲ್ಡ್ ರೋಧ 84 ಓಮ್ ಆದಾಗ ವೋಲ್ಟೇಜು ಎಷ್ಟೆಂದು ಕಂಡುಹಿಡಿಯಿರಿ. (ಉತ್ತರ: 210 ವೋಲ್ಟ್)

2. 84 ಓಮ್‌ಗೆ ಕ್ರಾಂತಿಕ ವೇಗವೆಷ್ಟು? (ಉತ್ತರ: ಸುಮಾರು 764 ಆರ್‌ಪಿಎಂ)

3. ಸೈಕಲ್ಲಿನ ಡೈನಮೊದಲ್ಲಿ ಶಾಶ್ವತ ಕಾಂತವಿದೆ. ಅದು ಎರಡೂ ದಿಕ್ಕಿಗೆ ತಿರುಗಿದರೂ ದೀಪ ಉರಿಯುವುದೇಕೆ? ಉತ್ತರವನ್ನು ನಾಲ್ಕು ಸಾಲಿನಲ್ಲಿ ಬರೆದು ಲ್ಯಾಬ್ ರೆಕಾರ್ಡಿನ ಜೊತೆ ತನ್ನಿ.

– ಭೌತಶಾಸ್ತ್ರ ವಿಭಾಗ