ಜೇನು ಪೆಟ್ಟಿಗೆಯ ಲೆಕ್ಕ ಮಳೆಗಾಲದಿಂದ ಶುರು

ಜೇನು ಸಾಕಬೇಕು ಎಂದುಕೊಂಡವರು ಸಾಮಾನ್ಯವಾಗಿ ಒಂದು ಗುಣಾಕಾರ ಹಿಡಿದುಕೊಂಡೇ ಬರುತ್ತಾರೆ. ಪೆಟ್ಟಿಗೆ ಹತ್ತು, ಪೆಟ್ಟಿಗೆಗೆ ಹತ್ತು ಕಿಲೋ ತುಪ್ಪ, ಕಿಲೋಗೆ 500 ರೂಪಾಯಿ, ಅಲ್ಲಿಗೆ ವರ್ಷಕ್ಕೆ 50,000. ಲೆಕ್ಕದಲ್ಲಿ ತಪ್ಪಿಲ್ಲ. ಹೂವಿನ ಕಾಲ ಒದಗಿ ಬಂದ ವರ್ಷ ತುಡುವೆ ಜೇನಿನ ಒಳ್ಳೆಯ ಕುಟುಂಬವೊಂದು ಹತ್ತು ಕಿಲೋ ಕೊಡುವುದೂ ಉಂಟು. ಆದರೆ ಈ ಗುಣಾಕಾರ ನಡೆಯುವುದು ಫೆಬ್ರವರಿಯಿಂದ ಮೇ ವರೆಗಿನ ಮೂರ್ನಾಲ್ಕು ತಿಂಗಳಲ್ಲಿ ಮಾತ್ರ. ಜೂನ್ ಬಂದಾಗ ಆ ಹತ್ತು ಪೆಟ್ಟಿಗೆಗಳಲ್ಲಿ ಎಷ್ಟರಲ್ಲಿ ಹುಳ ಉಳಿಯುತ್ತದೆ, ಅಕ್ಟೋಬರಿನಲ್ಲಿ ಎಷ್ಟು ಪೆಟ್ಟಿಗೆ ಖಾಲಿ ಇರುತ್ತದೆ ಎಂಬುದನ್ನು ಯಾರೂ ಬರೆದುಕೊಂಡಿರುವುದಿಲ್ಲ. ಕರಾವಳಿ ಮತ್ತು ಮಲೆನಾಡಿನಲ್ಲಿ, ಅದರಲ್ಲೂ ಪುತ್ತೂರು, ಸುಳ್ಯ, ಬೆಳ್ತಂಗಡಿಯ ಕಡೆ, ಸಣ್ಣ ಹಿಡುವಳಿಯವರಿಗೆ ಜೇನು ಒಳ್ಳೆಯ ಮೊದಲ ಉಪಕಸುಬು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಅದರ ಬಂಡವಾಳವನ್ನು ತುಪ್ಪದ ಕಾಲ ನೋಡಿ ಹೂಡಬಾರದು, ಮಳೆಗಾಲ ನೋಡಿ ಹೂಡಬೇಕು. ಕೈಯಲ್ಲಿ 20,000 ರೂಪಾಯಿ ಇದ್ದರೆ ಎರಡೇ ಪೆಟ್ಟಿಗೆ ತನ್ನಿ, ಉಳಿದದ್ದನ್ನು ಕೈಯಲ್ಲಿಟ್ಟುಕೊಳ್ಳಿ ಎನ್ನುವುದು ಅನುಭವದಿಂದ ಗಟ್ಟಿಯಾದ ನನ್ನ ನಿಲುವು.

ಮೊದಲು ಜಮೀನಿನ ಮಾತು. ಇಪ್ಪತ್ತು ಗುಂಟೆ ಇರುವವನು ‘ನನ್ನ ಜಾಗದಲ್ಲಿ ಅಷ್ಟು ಹೂವೆಲ್ಲಿದೆ’ ಎಂದು ಅಳುಕುತ್ತಾನೆ. ತುಡುವೆ ಹುಳ ಹೆಚ್ಚಾಗಿ ಮೇಯುವುದು ಪೆಟ್ಟಿಗೆಯಿಂದ ಸುಮಾರು ಒಂದು ಕಿಲೋಮೀಟರಿನೊಳಗೆ. ಪೆಟ್ಟಿಗೆಯನ್ನು ನಡುವಿಗಿಟ್ಟು ಅಷ್ಟು ದೂರಕ್ಕೆ ಸುತ್ತು ಹಾಕಿದರೆ ಸಿಗುವುದು 300 ಹೆಕ್ಟೇರಿಗೂ ಹೆಚ್ಚು, ಅಂದರೆ 775 ಎಕರೆಯಷ್ಟು ಮೇವಿನ ಜಾಗ. ಅದರಲ್ಲಿ ನಿಮ್ಮ ಇಪ್ಪತ್ತು ಗುಂಟೆ ಲೆಕ್ಕಕ್ಕೇ ಬರುವುದಿಲ್ಲ. ಹಾಗಾಗಿ ಜಮೀನು ಚಿಕ್ಕದೆಂಬುದು ಈ ಕಸುಬಿಗೆ ಅಡ್ಡಿಯಲ್ಲ. ಆದರೆ ಇದಕ್ಕೆ ಇನ್ನೊಂದು ಮುಖವೂ ಇದೆ. ಆ 775 ಎಕರೆಯಲ್ಲಿ ಏನಿದೆ, ಯಾರು ಏನು ಸಿಂಪಡಿಸುತ್ತಾರೆ ಎಂಬುದರ ಮೇಲೆ ನಿಮಗೆ ಹಿಡಿತವಿಲ್ಲ. ಪಕ್ಕದಲ್ಲಿ ಗೇರು ತೋಟವಿದ್ದು, ಹೂ ಬಿಟ್ಟ ಸಮಯದಲ್ಲೇ ಟೀ ಸೊಳ್ಳೆಗೆ ಕೀಟನಾಶಕ ಹೊಡೆದರೆ ಪೆಟ್ಟಿಗೆಯ ಮುಂದೆ ನಾಲಗೆ ಚಾಚಿ ಸತ್ತ ಹುಳಗಳ ರಾಶಿ ಬಿದ್ದಿರುತ್ತದೆ. ಪೆಟ್ಟಿಗೆ ತರುವ ಮೊದಲು ಒಂದು ಕಿಲೋಮೀಟರು ಸುತ್ತಿ, ಯಾವ ತಿಂಗಳಲ್ಲಿ ಯಾವ ಹೂವು ಸಿಗುತ್ತದೆ ಎಂದು ನೋಡುವುದು ಇದಕ್ಕೇ. ರಬ್ಬರ್ ತೋಟವಿದ್ದರೆ ತುಪ್ಪಕ್ಕೆ ಒಳ್ಳೆಯದು. ಫೆಬ್ರವರಿ, ಮಾರ್ಚ್ ಹೊತ್ತಿಗೆ ಚಿಗುರೆಲೆಯ ತೊಟ್ಟಿನಲ್ಲಿರುವ ಗ್ರಂಥಿಗಳಲ್ಲಿ ಸಿಹಿರಸ ಒಸರುತ್ತದೆ, ಹುಳಗಳು ಅದನ್ನೇ ಹೀರಿ ತರುತ್ತವೆ. ಆದರೆ ಅಲ್ಲಿ ಪರಾಗ ಸಿಗುವುದಿಲ್ಲ. ಮರಿ ಬೆಳೆಯಲು ಬೇಕಾದದ್ದು ಪರಾಗ. ರಬ್ಬರಿನ ನಡುವೆಯೇ ಇಟ್ಟ ಪೆಟ್ಟಿಗೆ ತುಪ್ಪದಿಂದ ತುಂಬಿದ್ದೂ ಹುಳ ಕಡಿಮೆಯಾಗುತ್ತ ಬರಬಹುದು. ತೆಂಗು ಅಥವಾ ಕಾಡಂಚು ಹತ್ತಿರವಿದ್ದರೆ ಆ ಕೊರತೆ ತುಂಬುತ್ತದೆ.

ಇನ್ನು ಮಳೆಗಾಲ. ಜೂನ್‌ನಿಂದ ಸೆಪ್ಟೆಂಬರ್ ವರೆಗೆ ಹೊರಗೆ ಹೂವು ಕಡಿಮೆ. ಇದ್ದರೂ ಮಳೆಗೆ ಮಕರಂದ ತೊಳೆದು ಹೋಗಿರುತ್ತದೆ, ಹುಳ ಹೊರಡುವ ಹಾಗೂ ಇಲ್ಲ. ತುಡುವೆಯ ಸ್ವಭಾವವೆಂದರೆ, ಆಹಾರ ಮುಗಿದರೆ, ಇರುವೆ ಕಡಜಗಳ ಕಾಟ ಹೆಚ್ಚಿದರೆ, ಎರಿಗೆ ಮೇಣದ ಹುಳು ಬಿದ್ದರೆ ಸಾಯುತ್ತ ಕೂರುವುದಿಲ್ಲ, ಇಡೀ ಕುಟುಂಬ ಎದ್ದು ಹೋಗುತ್ತದೆ. ಖಾಲಿ ಪೆಟ್ಟಿಗೆ ನೋಡಿ ‘ಹುಳ ಓಡಿಹೋಯಿತು’ ಎಂದು ದೂರುವವರು ಬಹಳ. ಅದು ದಿಢೀರನೆ ಹೋಗುವುದಲ್ಲ. ಹೊರಡುವ ಮುಂಚೆ ರಾಣಿ ಮೊಟ್ಟೆ ಇಡುವುದು ಕಡಿಮೆಯಾಗುತ್ತದೆ, ಇದ್ದ ಮರಿಗಳೆಲ್ಲ ಹುಳವಾಗಿ ಹೊರಬರುತ್ತವೆ, ಕೊನೆಗೆ ಮೊಟ್ಟೆಯೂ ಇಲ್ಲ, ಮರಿಯೂ ಇಲ್ಲ, ತುಪ್ಪವೂ ಇಲ್ಲ ಎಂಬ ಸ್ಥಿತಿಗೆ ಬರುತ್ತದೆ. ವಾರಕ್ಕೊಮ್ಮೆ ಮಳೆ ಬಿಟ್ಟ ಹೊತ್ತು ನೋಡಿ ಮುಚ್ಚಳ ತೆರೆಯುವವನಿಗೆ ಇದು ಮೊದಲೇ ತಿಳಿಯುತ್ತದೆ. ತಿಂಗಳುಗಟ್ಟಲೆ ತೆರೆಯದವನಿಗೆ ಖಾಲಿ ಪೆಟ್ಟಿಗೆಯೇ ಮೊದಲ ಸುದ್ದಿ.

ಈ ನಾಲ್ಕು ತಿಂಗಳು ಮಾಡಬೇಕಾದ ಕೆಲಸ ದೊಡ್ಡದಲ್ಲ, ಬಿಡದೆ ಮಾಡಬೇಕಾದದ್ದು. ಸಕ್ಕರೆ ಮತ್ತು ನೀರನ್ನು ಸಮಪಾಲು ಸೇರಿಸಿ ಪಾಕ ಮಾಡಿ, ತಣಿದ ಮೇಲೆ ಗೆರಟೆಯಲ್ಲಿ ಹಾಕಿ, ಹುಳ ಮುಳುಗದಂತೆ ಕಡ್ಡಿ ತೇಲಿಬಿಟ್ಟು, ಸಂಜೆ ಹೊತ್ತು ಪೆಟ್ಟಿಗೆಯ ಒಳಗಿಡಬೇಕು. ಹಗಲಿನಲ್ಲಿ ಇಟ್ಟರೆ, ಹೊರಗೆ ಚೆಲ್ಲಿದರೆ, ಬಲವಾದ ಕುಟುಂಬದ ಹುಳ ಬಲವಿಲ್ಲದ ಪೆಟ್ಟಿಗೆಗೆ ನುಗ್ಗಿ ಲೂಟಿ ಮಾಡುತ್ತದೆ. ಎರಡನೆಯ ಕೆಲಸ ಎರಿ ಕಡಿಮೆ ಮಾಡುವುದು. ಜೂನಿನ ಹೊತ್ತಿಗೆ ಹುಳದ ಸಂಖ್ಯೆ ಇಳಿದಿರುತ್ತದೆ, ಆದರೆ ಎರಿಗಳು ಅಷ್ಟೇ ಇರುತ್ತವೆ. ಹುಳ ಮುಚ್ಚಿ ಕೂರದ ಎರಿಯೇ ಮೇಣದ ಪತಂಗಕ್ಕೆ ಮೊಟ್ಟೆ ಇಡುವ ಜಾಗ. ಅಂಥ ಎರಿಗಳನ್ನೂ ಹಳೆಯ ಕಪ್ಪು ಎರಿಗಳನ್ನೂ ತೆಗೆದು, ಹುಳ ಒತ್ತಾಗಿ ಕೂರುವಷ್ಟನ್ನೇ ಬಿಡಬೇಕು. ತಳಹಲಗೆಯಲ್ಲಿ ಉದುರಿದ ಮೇಣದ ಪುಡಿ ವಾರವಾರವೂ ಗುಡಿಸದಿದ್ದರೆ ಹುಳು ಶುರುವಾಗುವುದು ಅಲ್ಲಿಂದಲೇ. ಪುಡಿಯಲ್ಲಿ ಬಲೆಯಂಥ ನೂಲು ಕಂಡರೆ ಎರಿಗಳಿಗೂ ಹಬ್ಬಿದೆಯೇ ಎಂದು ಅಂದೇ ನೋಡಬೇಕು. ಇನ್ನು ಸ್ಟ್ಯಾಂಡಿನ ಕಾಲಿಗೆ ಇರುವೆ ಹತ್ತದಂತೆ ನೀರಿನ ಬಟ್ಟಲು, ಮುಚ್ಚಳದ ಮೇಲೆ ಪ್ಲಾಸ್ಟಿಕ್ ಹೊದಿಕೆ. ಅಷ್ಟೇ.

ಇದರ ಖರ್ಚು ಎಷ್ಟು? ಒಂದು ಕುಟುಂಬಕ್ಕೆ ವಾರಕ್ಕೆ ಕಾಲು ಕಿಲೋ ಸಕ್ಕರೆ ಎಂದರೆ ಹದಿನಾರು ವಾರಕ್ಕೆ 4 ಕಿಲೋ, ಕಿಲೋಗೆ 45 ರೂಪಾಯಿ ಹಿಡಿದರೆ 180 ರೂಪಾಯಿ. ಪೆಟ್ಟಿಗೆ ಮತ್ತು ಕುಟುಂಬ ಸೇರಿ 4,500 ರೂಪಾಯಿ ಎಂದು ಇಟ್ಟುಕೊಳ್ಳೋಣ, ಊರಿಂದ ಊರಿಗೆ ಇದು ಹೆಚ್ಚು ಕಡಿಮೆ ಆಗುತ್ತದೆ. 180 ರೂಪಾಯಿಗೆ ಹಿಂದೆಮುಂದೆ ನೋಡಿ, ಅದಕ್ಕಿಂತ ಹತ್ತಾರು ಪಟ್ಟು ಬೆಲೆಯ ಕುಟುಂಬವನ್ನು ಕಳೆದುಕೊಳ್ಳುವುದು ಯಾವ ಲೆಕ್ಕ? ನಾಲ್ಕು ಪೆಟ್ಟಿಗೆಗೆ 18,000 ಕೊಟ್ಟವನ ಕೈಯಲ್ಲಿ ಮುಖಪರದೆ, ಹೊಗೆ ತಿದಿ, ಸ್ಟ್ಯಾಂಡು ಕೊಳ್ಳುವುದರಲ್ಲೇ ಉಳಿದ ಹಣ ಮುಗಿದಿರುತ್ತದೆ. ಎರಡಕ್ಕೆ 9,000 ಕೊಟ್ಟವನಿಗೆ ಇವೆಲ್ಲ ಕೊಂಡ ಮೇಲೂ ಎರಡು ಮಳೆಗಾಲದ ಸಕ್ಕರೆಗೆ ಹಣ ಉಳಿಯುತ್ತದೆ. ತುಪ್ಪ ತೆಗೆಯುವ ಯಂತ್ರವನ್ನು ಮೊದಲ ವರ್ಷ ಪಕ್ಕದ ಊರಿನ ಸಾಕುವವರಿಂದ ತಂದರೂ ಸಾಕು.

‘ಹಾಗಾದರೆ ಒಂದೇ ಪೆಟ್ಟಿಗೆ ಸಾಲದೇ?’ ಸಾಲದು. ಒಂದರಲ್ಲಿ ರಾಣಿ ಸತ್ತರೆ, ಹೊಸ ರಾಣಿ ಮಾಡಿಕೊಳ್ಳಲು ಕೆಲಸಗಾರ ಹುಳಗಳಿಗೆ ಮೊಟ್ಟೆ ಅಥವಾ ಒಂದೆರಡು ದಿನದ ಎಳೆ ಮರಿ ಬೇಕು. ಅದಿಲ್ಲದೆ ಕೆಲವು ವಾರ ಕಳೆದರೆ ಕೆಲಸಗಾರ ಹುಳಗಳೇ ಮೊಟ್ಟೆ ಇಡಲು ತೊಡಗುತ್ತವೆ. ಅವು ಗರ್ಭ ಕಟ್ಟದ ಮೊಟ್ಟೆಗಳಾದ್ದರಿಂದ ಅದರಲ್ಲಿ ಬರುವುದು ಗಂಡು ಹುಳ ಮಾತ್ರ. ಒಂದೇ ಕೋಣೆಯಲ್ಲಿ ಎರಡು ಮೂರು ಮೊಟ್ಟೆ ಅಡ್ಡಾದಿಡ್ಡಿ ಬಿದ್ದಿದ್ದರೆ ಅದೇ ಗುರುತು. ಆ ಹಂತ ತಲುಪಿದ ಕುಟುಂಬವನ್ನು ಉಳಿಸುವುದು ಕಷ್ಟ. ಪಕ್ಕದಲ್ಲಿ ಎರಡನೆಯ ಪೆಟ್ಟಿಗೆಯಿದ್ದರೆ, ಹೊಸ ಮೊಟ್ಟೆಗಳಿರುವ ಒಂದು ಎರಿಯನ್ನು ಹುಳ ಕೊಡವಿ ಇದಕ್ಕೆ ಕೊಡಬಹುದು. ಹುಳಗಳು ಅದರಲ್ಲಿ ರಾಣಿ ಕೋಶ ಕಟ್ಟಿ, ಮೊಟ್ಟೆಯಿಂದ ಹದಿನಾರು ದಿನದ ಆಸುಪಾಸಿನಲ್ಲಿ ಹೊಸ ರಾಣಿಯನ್ನು ಹೊರತರುತ್ತವೆ. ಇನ್ನೊಂದು ಉಪಯೋಗವೂ ಇದೆ. ಎರಡು ಪೆಟ್ಟಿಗೆ ಪಕ್ಕಪಕ್ಕ ನೋಡುವವನಿಗೆ ಒಂದು ಹಿಂದೆ ಬಿದ್ದದ್ದು ಬೇಗ ಗೊತ್ತಾಗುತ್ತದೆ, ಒಂದೇ ಇದ್ದವನಿಗೆ ಹೋಲಿಸಲು ಏನೂ ಇಲ್ಲ.

ಬಲ್ಲವರು ಇಲ್ಲಿ ಒಂದು ಆಕ್ಷೇಪ ಎತ್ತುತ್ತಾರೆ, ಅದು ಸರಿಯಾದದ್ದೇ. ಎರಿ ಅದಲುಬದಲು ಮಾಡಿದರೆ ರೋಗವೂ ದಾಟುತ್ತದಲ್ಲ? 1991-92ರ ಸುಮಾರಿಗೆ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತಕ್ಕೆ ಹಬ್ಬಿ, ಕರ್ನಾಟಕ, ಕೇರಳದ ತುಡುವೆ ಕುಟುಂಬಗಳಲ್ಲಿ ಬಹುಪಾಲನ್ನು ಅಳಿಸಿ ಹಾಕಿತ್ತು. ಅದಕ್ಕೆ ಔಷಧವಿಲ್ಲ. ಗುರುತು ಮಾತ್ರ ಸ್ಪಷ್ಟ: ಮರಿಹುಳು ಕೋಣೆಯಲ್ಲಿ ತಲೆ ಮೇಲೆ ಮಾಡಿ ಸತ್ತಿರುತ್ತದೆ, ಚಿಮಟದಲ್ಲಿ ಎತ್ತಿದರೆ ನೀರು ತುಂಬಿದ ಚೀಲದಂತೆ ಜೋತು ಬರುತ್ತದೆ. ಆದ್ದರಿಂದ ಎರಿ ಕೊಡುವ ಪೆಟ್ಟಿಗೆಯ ಮರಿಗಳನ್ನು ಮೊದಲು ನೋಡಿ, ಒಂದಾದರೂ ಇಂಥದು ಕಂಡರೆ ಎರಿ ಕೊಡಲೇಬಾರದು. ರೋಗ ಕಂಡ ಪೆಟ್ಟಿಗೆಯಲ್ಲಿ ಮರಿ ಎರಿಗಳನ್ನು ತೆಗೆದು, ರಾಣಿಯನ್ನು ಕೆಲ ದಿನ ಪಂಜರದಲ್ಲಿಟ್ಟು ಹೊಸ ಮರಿ ಬಾರದಂತೆ ತಡೆದರೆ ಕೆಲವು ಕುಟುಂಬಗಳು ಚೇತರಿಸಿಕೊಳ್ಳುತ್ತವೆ. ಎಲ್ಲವೂ ಅಲ್ಲ. ಹತ್ತು ಪೆಟ್ಟಿಗೆ ಬೇಡ ಎನ್ನುವುದಕ್ಕೆ ಇದೂ ಒಂದು ಕಾರಣ: ಹೊಸಬನ ಕಣ್ಣಿಗೆ ರೋಗ ಬೀಳುವಷ್ಟರಲ್ಲಿ ಅದು ಹತ್ತಕ್ಕೂ ಹಬ್ಬಿರುತ್ತದೆ.

ಇನ್ನು ಕೆಲವರು ಮೆಲ್ಲಿಫೆರಾ ಎಂಬ ಯುರೋಪಿನ ಜೇನು ತರಬಾರದೇ, ಅದು ಹಲವು ಪಟ್ಟು ತುಪ್ಪ ಕೊಡುತ್ತದಲ್ಲ ಎನ್ನುತ್ತಾರೆ. ಕೊಡುತ್ತದೆ, ಸೂರ್ಯಕಾಂತಿ, ಸಾಸಿವೆಯಂಥ ವಿಶಾಲ ಬೆಳೆಯ ಹಿಂದೆ ಲಾರಿಯಲ್ಲಿ ಪೆಟ್ಟಿಗೆ ಹೇರಿಕೊಂಡು ಊರೂರು ಹೋಗುವವರಿಗೆ. ಇಪ್ಪತ್ತು ಗುಂಟೆಯವನು ಊರು ಬಿಟ್ಟು ಹೋಗಲಾರ. ಆ ಜೇನಿಗೆ ಪೆಟ್ಟಿಗೆಯೂ ದೊಡ್ಡದು, ಸಕ್ಕರೆಯೂ ಹೆಚ್ಚು, ಅದರ ಮೈಮೇಲಿನ ವರೋವಾ ನುಸಿಗೆ ಉಪಚಾರ ಬೇರೆ. ತುಡುವೆ ಈ ನುಸಿಯ ಜೊತೆ ಬಹುಕಾಲ ಬಾಳಿದ್ದು, ಅದನ್ನು ತಾನೇ ಹಿಡಿದು ತೆಗೆಯುತ್ತದೆ.

ಸಕ್ಕರೆ ಕೊಟ್ಟರೆ ತುಪ್ಪ ಕಲಬೆರಕೆಯಾಗುವುದಿಲ್ಲವೇ ಎಂಬುದು ಗ್ರಾಹಕನ ಪ್ರಶ್ನೆ, ಕೇಳಬೇಕಾದದ್ದೇ. ಉತ್ತರ ಪೆಟ್ಟಿಗೆಯ ರಚನೆಯಲ್ಲಿದೆ. ಕೆಳಗಿನದು ಮರಿಗಳಿರುವ ಸಂಸಾರ ಕೋಣೆ, ಮೇಲಿನದು ಜೇನು ಕೋಣೆ. ಪಾಕ ಕೊಡುವಾಗ ಮೇಲಿನ ಕೋಣೆ ಪೆಟ್ಟಿಗೆಯ ಮೇಲೆ ಇರಲೇಬಾರದು. ಹೂವು ಶುರುವಾಗುವುದಕ್ಕೆ ಸಾಕಷ್ಟು ಮೊದಲೇ ಪಾಕ ನಿಲ್ಲಿಸಿ, ಆಮೇಲಷ್ಟೇ ಮೇಲಿನ ಕೋಣೆ ಏರಿಸಬೇಕು. ತೆಗೆಯುವಾಗಲೂ ಎರಿಯ ಮುಕ್ಕಾಲು ಭಾಗಕ್ಕೆ ಹುಳಗಳು ಮೇಣದ ಮುಚ್ಚಳ ಹಾಕಿದ್ದರೆ ಮಾತ್ರ ತೆಗೆಯಬೇಕು, ಹಸಿ ತುಪ್ಪದಲ್ಲಿ ನೀರಿನಂಶ ಹೆಚ್ಚಾಗಿ ಬಾಟಲಿಯಲ್ಲೇ ಹುದುಗಿ ನೊರೆ ಬರುತ್ತದೆ. ಕೆಳಗಿನ ಕೋಣೆಯ ತುಪ್ಪ ಮುಟ್ಟಬಾರದು. ಅದು ಮಳೆಗಾಲದ ಮೊದಲ ವಾರಗಳ ಊಟ.

ಎರಡು ಪೆಟ್ಟಿಗೆಯಿಂದ ಸಂಸಾರ ನಡೆಯುತ್ತದೆಯೇ ಎಂದು ಕೇಳಿದರೆ, ಇಲ್ಲ. ಪೆಟ್ಟಿಗೆಗೆ 5 ಕಿಲೋದಂತೆ ಒಟ್ಟು 10 ಕಿಲೋ ಸಿಕ್ಕರೆ 500 ರೂಪಾಯಿ ದರದಲ್ಲಿ 5,000 ರೂಪಾಯಿ, ಅಂದರೆ ಪೆಟ್ಟಿಗೆಗೆ ಹಾಕಿದ್ದರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು. ಮೊದಲ ವರ್ಷದ ನಿಜವಾದ ಫಸಲು ಬೇರೆ. ನವೆಂಬರಿನ ಹೊತ್ತಿಗೆ ಎರಡೂ ಕುಟುಂಬ ಉಳಿದು, ಹುಳ ಸಂಸಾರ ಕೋಣೆ ತುಂಬಿ, ಗಂಡು ಹುಳಗಳೂ ಕಾಣಿಸಿಕೊಂಡಿದ್ದರೆ ಅವನ್ನು ಪಾಲು ಮಾಡಬಹುದು. ಗಂಡು ಹುಳ ಹಾರಾಡದ ಕಾಲದಲ್ಲಿ ಪಾಲು ಮಾಡಿದರೆ ಹೊಸ ರಾಣಿ ಕೂಡದೆ ಉಳಿಯುತ್ತದೆ, ಹಾಗಾಗಿ ಅವಸರ ಸಲ್ಲದು. ಆಗ ಬೇಕಾಗುವುದು ಖಾಲಿ ಪೆಟ್ಟಿಗೆ ಮಾತ್ರ, ಕುಟುಂಬಕ್ಕೆ ಹಣ ಕೊಡಬೇಕಿಲ್ಲ. ಎರಡು ನಾಲ್ಕಾಗುವುದು ಹೀಗೆ, ಅದೂ ನಿಮ್ಮದೇ ಊರಿನ ಮಳೆ ದಾಟಿ ಬಂದ ಹುಳದಿಂದ. ಕೊಳ್ಳುವಾಗಲೂ ಇದೇ ಲೆಕ್ಕ: ಫೆಬ್ರವರಿಯಲ್ಲಿ ಎಲ್ಲ ಪೆಟ್ಟಿಗೆಯೂ ಗುಂಯ್‌ಗುಡುತ್ತದೆ, ಯಾವುದು ಗಟ್ಟಿ ಎಂದು ತಿಳಿಯುವುದಿಲ್ಲ. ಅಕ್ಟೋಬರ್ ಕೊನೆಗೆ ಹೋಗಿ, ಮುಚ್ಚಳ ತೆರೆಸಿ, ನಾಲ್ಕೈದು ಎರಿಯಲ್ಲಿ ಒತ್ತಾಗಿ ಕೂತ ಹುಳ, ಎಡೆ ಬಿಡದೆ ಮುಚ್ಚಿದ ಮರಿ, ಕೋಣೆಗೊಂದೇ ಮೊಟ್ಟೆ ಇರುವುದನ್ನು ಕಣ್ಣಾರೆ ನೋಡಿ ಆರಿಸಿದರೆ, ಚೌಕಾಸಿಗೂ ಒಂದು ಆಧಾರ ಸಿಗುತ್ತದೆ.