ಕೊನೆಯ ಬಾಕಿ ಚುಕ್ತಾ ಆಯಿತೇ? ಉದ್ರಿ ಖಾತೆ ಅಳಿಸುವ ಕ್ರಮ ಇಲ್ಲಿದೆ

ಹಾವೇರಿ ಜಿಲ್ಲೆಯ ಒಂದು ಹಳ್ಳಿಯ ಕಿರಾಣಿ ಅಂಗಡಿಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅಂಗಡಿ ನಡೆಸುವ ಹೆಣ್ಣುಮಗಳು ಉದ್ರಿ ಲೆಕ್ಕವನ್ನೆಲ್ಲ ಮೊಬೈಲಿನ ಬಿಲ್ಲಿಂಗ್ ಆ್ಯಪ್‌ನಲ್ಲಿ ಬರೆಯುತ್ತಾರೆ. ಜೂನ್ 14ರ ಸಂಜೆ ಕೂಲಿ ಕೆಲಸದ ಹಿರಿಯರೊಬ್ಬರು ಬಂದು 835 ರೂಪಾಯಿ ಎಣಿಸಿಕೊಟ್ಟರು.

“ತಂಗೆವ್ವ, ಇದು ಕಡೇ ರೊಕ್ಕ. ಇನ್ನರ ನನ್ನ ಹೆಸರ ಅಳಿಸಿಬಿಡು.”

“ಅಳಸ್ತೀನಿ ಕಾಕಾ. ಅದಕ್ಕೂ ಮೊದಲ ಒಂದ್ಸಲ ಲೆಕ್ಕ ಕೂಡಿಸಿ ನೋಡೂಣು, ಕೂಡ್ರಿ.”

ಆಕೆ ಹೇಳಿದ ಕ್ರಮವೇ ಸರಿಯಾದ ಕ್ರಮ. ಅಳಿಸುವುದು ಎರಡು ಬಾರಿ ಬೆರಳು ಒತ್ತಿದರೆ ಮುಗಿಯುವ ಕೆಲಸ. ಅದಕ್ಕೂ ಮುಂಚಿನ ಕೆಲಸಗಳನ್ನು ಬಿಟ್ಟರೆ ತೀರಿದ ಸಾಲ ಮತ್ತೆ ತಲೆ ಎತ್ತಬಹುದು, ಇಲ್ಲವೇ ಬೇರೆಯವರ ಲೆಕ್ಕ ಕೆಡಬಹುದು.

1. ಗ್ರಾಹಕರ ಎದುರಿಗೇ ತಾಳೆ ನೋಡಿ

835 ರೂಪಾಯಿ ಜಮಾ ಬರೆದ ಮೇಲೂ ಆ್ಯಪ್ 150 ರೂಪಾಯಿ ಬಾಕಿ ತೋರಿಸಿತು. ಕಾಕಾ ಪ್ರಕಾರ ಬಾಕಿ ಪೂರ್ತಿ ತೀರಿತ್ತು. ಇಂಥ ಹೊತ್ತಿನಲ್ಲಿ “ಹೋಗಲಿ ಬಿಡಿ” ಎಂದು 150 ರೂಪಾಯಿಯನ್ನು ವಜಾ ಹಾಕಿ ಖಾತೆಯನ್ನು ಸೊನ್ನೆಗೆ ತರುವುದು ಸುಲಭ. ಆದರೆ ವ್ಯತ್ಯಾಸ ಎಲ್ಲಿಂದ ಬಂತು ಎಂಬುದು ತಿಳಿಯದೆ ಹೋಗುತ್ತದೆ.

ಖಾತೆಯಲ್ಲಿದ್ದದ್ದು ಇಷ್ಟು. ಏಪ್ರಿಲ್ 1ಕ್ಕೆ ಹಿಂದಿನ ಬಾಕಿ 2,340 ರೂಪಾಯಿ. ಏಪ್ರಿಲ್ 6ರಂದು ಉದ್ರಿ 480, ಮೇ 9ರಂದು ಉದ್ರಿ 365. ಒಟ್ಟು ಕೊಡಬೇಕಾದದ್ದು 3,185. ಜಮಾ ಕಡೆ ಏಪ್ರಿಲ್ 20ರಂದು ನಗದು 1,000, ಮೇ 25ರಂದು ಯುಪಿಐ ಮೂಲಕ 1,200, ಈ ದಿನದ 835. ಕೂಡಿಸಿದರೆ 3,035. ಮೇ 12ರಂದು ಮಗನ ಫೋನಿನಿಂದ 150 ರೂಪಾಯಿ ಹಾಕಿಸಿದ್ದು ಕಾಕಾಗೆ ನೆನಪಿತ್ತು, ಆದರೆ ಅದು ಖಾತೆಯಲ್ಲಿ ಇರಲಿಲ್ಲ.

ಮಗನ ಫೋನಿನಲ್ಲಿ ಆ ಪಾವತಿಯ ವಿವರ ತೆರೆದರೆ 12 ಅಂಕಿಯ ಯುಪಿಐ ಉಲ್ಲೇಖ ಸಂಖ್ಯೆ ಸಿಗುತ್ತದೆ. ಅದೇ ಸಂಖ್ಯೆ ಅಂಗಡಿಯ ಬ್ಯಾಂಕ್ ಖಾತೆಯ ವಿವರದಲ್ಲೂ ಇದ್ದರೆ ಹಣ ಬಂದದ್ದು ಖಚಿತ. ಹುಡುಕಿದಾಗ ತಿಳಿದದ್ದು ಇದು: ಅದೇ ಹೆಸರಿನ ಇನ್ನೊಬ್ಬ ಗ್ರಾಹಕರ ಪುಟದಲ್ಲಿ ಆ 150 ಜಮಾ ಆಗಿತ್ತು. ಹಾಗಾಗಿ ಅವರ ಬಾಕಿ 760 ಇರಬೇಕಾದಲ್ಲಿ 610 ಎಂದು ಕಾಣುತ್ತಿತ್ತು.

ಒಂದೇ ಹೆಸರಿನವರು ನಾಲ್ಕು ಮಂದಿ ಇರುವ ಊರಿನಲ್ಲಿ ಇಂಥದ್ದು ಸಹಜ. ತಿದ್ದುವಾಗ ಎರಡೂ ಪುಟಗಳನ್ನು ತಿದ್ದಬೇಕು. ಇನ್ನೊಬ್ಬರ ಪುಟದಿಂದ ಆ ಜಮಾ ತೆಗೆಯಿರಿ, ಕಾಕಾನ ಪುಟದಲ್ಲಿ ಮೇ 12ರ ದಿನಾಂಕದಲ್ಲೇ 150 ಜಮಾ ಬರೆದು, ಟಿಪ್ಪಣಿಯ ಜಾಗದಲ್ಲಿ ಉಲ್ಲೇಖ ಸಂಖ್ಯೆ ಹಾಕಿ. ಲೆಕ್ಕ ತಿದ್ದಿದ ತಕ್ಷಣ ಗ್ರಾಹಕರಿಗೆ ಸಂದೇಶ ಕಳಿಸುವ ಆ್ಯಪ್‌ಗಳೂ ಇವೆ. ಆದ್ದರಿಂದ ಆ ಇನ್ನೊಬ್ಬರಿಗೆ ಮೊದಲೇ ಫೋನ್ ಮಾಡಿ ವಿಷಯ ತಿಳಿಸಿ. ಬಾಕಿ ಇದ್ದಕ್ಕಿದ್ದಂತೆ 150 ರೂಪಾಯಿ ಏರಿದ್ದನ್ನು ಸಂದೇಶದಲ್ಲಿ ನೋಡಿದರೆ ಯಾರಿಗಾದರೂ ಮನಸ್ಸು ಕಹಿಯಾಗುತ್ತದೆ.

ಈ ತಾಳೆ ನೋಡದೆ ಕಾಕಾನ ಪುಟ ಅಳಿಸಿದ್ದರೆ ಇನ್ನೊಬ್ಬರ ಪುಟದ ತಪ್ಪು ಹಾಗೇ ಉಳಿಯುತ್ತಿತ್ತು. ಆಮೇಲೆ ಅದನ್ನು ಹಿಡಿಯುವುದು ಕಷ್ಟವಾಗುತ್ತಿತ್ತು.

2. ಚುಕ್ತಾ ಆದದ್ದನ್ನು ಗ್ರಾಹಕರ ಕೈಗೆ ಕೊಡಿ

ಬಾಕಿ ಸೊನ್ನೆಯಾದ ಮೇಲೆ ಆ ಖಾತೆಯ ಪೂರ್ತಿ ವಿವರವನ್ನು ಪಿಡಿಎಫ್ ಮಾಡಿ ಗ್ರಾಹಕರ ವಾಟ್ಸ್ಆ್ಯಪ್‌ಗೆ ಕಳಿಸಿ. ಸ್ಮಾರ್ಟ್‌ಫೋನ್ ಇಲ್ಲದವರಿಗೆ ಒಂದು ಚೀಟಿ ಸಾಕು: “ಜೂನ್ 14ಕ್ಕೆ ನಿಮ್ಮ ಖಾತೆ ಪೂರ್ತಿ ಚುಕ್ತಾ, ಬಾಕಿ ಇಲ್ಲ” ಎಂದು ಬರೆದು, ಅಂಗಡಿಯ ಮುದ್ರೆ ಒತ್ತಿ ಸಹಿ ಹಾಕಿ. ನಿಮ್ಮ ಆ್ಯಪ್‌ನಿಂದ ಪುಟ ಹೋದ ಮೇಲೆ ಗ್ರಾಹಕರ ಬಳಿ ಉಳಿಯುವ ಆಧಾರ ಇದೊಂದೇ. ನಾಳೆ ಅಂಗಡಿಯಲ್ಲಿ ಮಗನೋ ಅಳಿಯನೋ ಕೂತು “ನಿಮ್ಮದು ಬಾಕಿ ಐತಿ” ಎಂದರೆ ಅವರು ತೋರಿಸಬೇಕಾದದ್ದು ಇದನ್ನೇ.

3. ಉದ್ರಿ ಪುಟ ಬೇರೆ, ಬಿಲ್ಲು ಬೇರೆ

ಹೆಚ್ಚಿನವರು ಎಡವುವುದು ಇಲ್ಲಿ. ಬರೀ ಕೊಟ್ಟದ್ದು-ಬಂದದ್ದು ಬರೆಯುವ ಉದ್ರಿ ಆ್ಯಪ್‌ನಲ್ಲಿ ಗ್ರಾಹಕರ ಪುಟ ತೆಗೆದರೆ ಬೇರೆ ಯಾವುದಕ್ಕೂ ಧಕ್ಕೆಯಿಲ್ಲ. ಬಿಲ್ಲಿಂಗ್ ಆ್ಯಪ್‌ನಲ್ಲಿ ಹಾಗಲ್ಲ. ಅಲ್ಲಿ ಉದ್ರಿ ಎಂದರೆ ಹಣ ಬಾರದ ಒಂದು ಬಿಲ್ಲು. ಆ ಬಿಲ್ಲನ್ನೇ ಅಳಿಸಿದರೆ ಮಾರಿದ ಐದು ಕೆಜಿ ಸಕ್ಕರೆ ದಾಸ್ತಾನಿನ ಲೆಕ್ಕಕ್ಕೆ ವಾಪಸ್ ಬರುತ್ತದೆ, ಆ ತಿಂಗಳ ಮಾರಾಟದ ಮೊತ್ತ ಇಳಿಯುತ್ತದೆ, ಬಿಲ್ಲಿನ ಕ್ರಮಸಂಖ್ಯೆಯಲ್ಲಿ ಒಂದು ಅಂಕಿ ಕಾಣೆಯಾಗುತ್ತದೆ. ಅಳಿಸಿದ ಮೇಲೆ ಗೋದಾಮಿನಲ್ಲಿ ಇಲ್ಲದ ಸರಕು ಆ್ಯಪ್‌ನಲ್ಲಿ ಕಂಡರೆ, ಹೋದದ್ದು ಬಿಲ್ಲು ಎಂದೇ ತಿಳಿಯಿರಿ.

ಜಿಎಸ್‌ಟಿ ನೋಂದಣಿ ಇರುವವರಿಗೆ ಇದು ಕಾನೂನಿನ ಮಾತೂ ಹೌದು. ಲೆಕ್ಕಪತ್ರಗಳನ್ನು ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು ಇಟ್ಟುಕೊಳ್ಳಬೇಕು. 2024-25ರ ರಿಟರ್ನ್‌ಗೆ ಕೊನೆಯ ದಿನ 2025ರ ಡಿಸೆಂಬರ್ 31. ಆ ಲೆಕ್ಕದಲ್ಲಿ ಆ ವರ್ಷದ ಬಿಲ್ಲುಗಳು 2031ರ ಡಿಸೆಂಬರ್ 31ರವರೆಗೆ ನಿಮ್ಮ ಬಳಿ ಇರಬೇಕು. ಇಂಥವರು ಅಳಿಸುವ ಬದಲು, ಸೊನ್ನೆ ಬಾಕಿಯ ಗ್ರಾಹಕರನ್ನು ಪಟ್ಟಿಯಿಂದ ಮರೆಮಾಡುವ ಆಯ್ಕೆ ಆ್ಯಪ್‌ನಲ್ಲಿದ್ದರೆ ಅದನ್ನು ಬಳಸುವುದು ಒಳ್ಳೆಯದು.

ನೋಂದಣಿ ಇಲ್ಲದ ಸಣ್ಣ ಅಂಗಡಿಯವರೂ ಪುಟದ ಒಂದು ಪ್ರತಿ ಇಟ್ಟುಕೊಳ್ಳುವುದು ಒಳಿತು. 2025ರ ಜುಲೈನಲ್ಲಿ ಯುಪಿಐ ಮೂಲಕ ಬಂದ ಹಣದ ಮೊತ್ತ ನೋಡಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಿತ್ತು. ಸರಕು ಮಾರುವವರಿಗೆ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷ ರೂಪಾಯಿ ವಹಿವಾಟು. ಆದರೆ ಬ್ಯಾಂಕಿಗೆ ಬಂದ ಹಣವೆಲ್ಲ ಆ ವರ್ಷದ ಮಾರಾಟವಲ್ಲ. ಕಾಕಾನ ಏಪ್ರಿಲ್ 6ರ 480 ರೂಪಾಯಿಯಲ್ಲಿ 200 ರೂಪಾಯಿ ಬಸ್ಸಿಗೆಂದು ಪಡೆದ ಕೈಗಡ, ಸಾಮಾನು 280 ಮಾತ್ರ. ಹಿಂದಿನ ಬಾಕಿ 2,340 ರೂಪಾಯಿಯದ್ದು ಹಿಂದಿನ ವರ್ಷದ ಮಾರಾಟ. ಇದನ್ನು ತೋರಿಸಿಕೊಡುವುದು ಉದ್ರಿ ಪುಟ ಮಾತ್ರ.

ಆದ್ದರಿಂದ ಗ್ರಾಹಕರಿಗೆ ಕಳಿಸಿದ ಅದೇ ಪಿಡಿಎಫ್ ಅನ್ನು ನಿಮ್ಮ ಬಳಿಯೂ ಇಡಿ. ಫೋನಿನಲ್ಲಷ್ಟೇ ಬೇಡ, ನಿಮ್ಮ ಇಮೇಲ್‌ಗೋ ಪೆನ್‌ಡ್ರೈವ್‌ಗೋ ಹಾಕಿ. ಕಡತದ ಹೆಸರಿನಲ್ಲಿ ವರ್ಷ ಮತ್ತು ಚುಕ್ತಾ ಆದ ದಿನ ಇದ್ದರೆ ಹುಡುಕುವುದು ಸುಲಭ.

4. ಒಟ್ಟು ಬಾಕಿ ಬರೆದುಕೊಂಡು ಅಳಿಸಿ

ಎಲ್ಲ ಗ್ರಾಹಕರಿಂದ ಬರಬೇಕಾದ ಒಟ್ಟು ಹಣ ಆ್ಯಪ್‌ನ ಮೊದಲ ಪರದೆಯಲ್ಲೇ ಸಾಮಾನ್ಯವಾಗಿ ಕಾಣುತ್ತದೆ. ಅದನ್ನು ಕಾಗದದಲ್ಲಿ ಬರೆದುಕೊಳ್ಳಿ. ನಮ್ಮ ಉದಾಹರಣೆಯಲ್ಲಿ ಅದು 18,460 ಎಂದುಕೊಳ್ಳೋಣ. ಸೊನ್ನೆ ಬಾಕಿಯ ಪುಟ ಅಳಿಸಿದ ಮೇಲೂ ಈ ಮೊತ್ತ ಒಂದು ರೂಪಾಯಿಯೂ ಆಚೀಚೆ ಆಗಬಾರದು. ಕಡಿಮೆಯಾದರೆ ಬಾಕಿ ಇರುವ ಬೇರೆ ಯಾರದೋ ಪುಟ ಹೋಗಿದೆ. ಹೆಚ್ಚಾದರೆ ಜಮಾ ನಮೂದು ಮಾತ್ರ ಹೋಗಿ ಉದ್ರಿ ಉಳಿದಿದೆ.

ಅಳಿಸುವ ಮುನ್ನ ಆ ಗ್ರಾಹಕರಿಗೆ ಹೋಗುವ ಬಾಕಿ ನೆನಪಿನ ಸಂದೇಶವನ್ನು ನಿಲ್ಲಿಸಿ. ಫೋನಿಗೆ ಇಂಟರ್ನೆಟ್ ಬರುತ್ತಿದೆಯೇ ನೋಡಿ. ಆಮೇಲೆ ಗ್ರಾಹಕರ ಪುಟವನ್ನು ಇಡಿಯಾಗಿ ತೆಗೆಯಿರಿ. ಒಂದೊಂದೇ ನಮೂದು ಅಳಿಸುತ್ತ ಹೋಗಬೇಡಿ. ಮೊದಲು ಜಮಾಗಳನ್ನು ತೆಗೆದು, ಅಷ್ಟರಲ್ಲಿ ಗಿರಾಕಿ ಬಂದು ಕೆಲಸ ಅರ್ಧಕ್ಕೆ ನಿಂತರೆ ಕಾಕಾನ ಹೆಸರಿನಲ್ಲಿ ಪೂರ್ತಿ 3,185 ರೂಪಾಯಿ ಬಾಕಿ ಕಾಣುತ್ತದೆ. ಸಂದೇಶವೂ ಚಾಲೂ ಇದ್ದರೆ, ಪೈಸೆ ಬಾಕಿ ಉಳಿಸಿಕೊಳ್ಳದ ಮನುಷ್ಯನಿಗೆ ಅಂಗಡಿಯಿಂದ ತಗಾದೆ ಹೋಗುತ್ತದೆ.

ವಹಿವಾಟು ಇರುವ ಗ್ರಾಹಕರ ಹೆಸರು ತೆಗೆಯಲು ಬಿಲ್ಲಿಂಗ್ ಆ್ಯಪ್ ಒಪ್ಪದಿದ್ದರೆ ಬಲವಂತವಾಗಿ ಬಿಲ್ಲುಗಳನ್ನು ಅಳಿಸಲು ಹೋಗಬೇಡಿ. ಪುಟವನ್ನು ಮರೆಮಾಡಿ, ಇಲ್ಲವೇ ಸೊನ್ನೆಗೆ ಬಿಟ್ಟುಬಿಡಿ.

5. ಅಳಿಸಿದ ಮೇಲೆ ನೋಡಬೇಕಾದದ್ದು

ಅಂಗಡಿಯ ಲೆಕ್ಕ ಎರಡು ಫೋನುಗಳಲ್ಲಿ ಇದ್ದರೆ ಎರಡನೆಯದನ್ನೂ ಇಂಟರ್ನೆಟ್ ಹಾಕಿ ತೆರೆಯಿರಿ. ಅಲ್ಲೂ ಪುಟ ಹೋಗಿದ್ದರೆ ಸಿಂಕ್ ಆಗಿದೆ ಎಂದರ್ಥ. ಆ್ಯಪ್‌ನಲ್ಲಿ ಕಸದ ಬುಟ್ಟಿ ಇದ್ದರೆ ಅದನ್ನು ಅದೇ ದಿನ ಖಾಲಿ ಮಾಡಬೇಡಿ. ಒಂದು ವಾರ ಬಿಡಿ, ತಪ್ಪು ಪುಟ ಹೋಗಿದ್ದರೆ ಮರಳಿ ಪಡೆಯುವ ಜಾಗ ಅದು. ಬಳಿಕ ಹೊಸದಾಗಿ ಬ್ಯಾಕಪ್ ಮಾಡಿ. ಫೋನ್ ಕೆಟ್ಟಾಗ ಹಳೆಯ ಬ್ಯಾಕಪ್‌ನಿಂದ ಲೆಕ್ಕ ತಂದರೆ ಅಳಿಸಿದ ಕಾಕಾ ಹಳೆಯ ಬಾಕಿಯ ಸಮೇತ ಮತ್ತೆ ಪಟ್ಟಿಯಲ್ಲಿ ಬಂದು ಕೂರುತ್ತಾರೆ.

ಅಂಗಡಿಯಲ್ಲಿ ಕಾಗದದ ಉದ್ರಿ ಪುಸ್ತಕವೂ ಇದ್ದರೆ ಹಾಳೆ ಹರಿಯಬೇಡಿ. ಪುಟದ ಮೇಲೆ ಅಡ್ಡಗೆರೆ ಎಳೆದು “ಚುಕ್ತಾ” ಎಂದು ಬರೆದು ದಿನಾಂಕ ಹಾಕಿ.

ಯಾವಾಗ ಅಳಿಸಬಾರದು?

ಕೊನೆಯ ಕಂತು ಚೆಕ್‌ನಲ್ಲಿ ಬಂದಿದ್ದರೆ ಹಣ ಖಾತೆಗೆ ಜಮಾ ಆಗುವವರೆಗೆ ಕಾಯಿರಿ. ಗ್ರಾಹಕರು ಲೆಕ್ಕದ ಬಗ್ಗೆ ತಕರಾರು ಎತ್ತಿದ್ದರೆ ಅದು ಬಗೆಹರಿಯುವವರೆಗೆ ಪುಟ ಇರಲಿ. ಮುಂದಿನ ವಾರ ಮತ್ತೆ ಉದ್ರಿ ಒಯ್ಯುವವರ ಪುಟವನ್ನು ಅಳಿಸುವ ಅಗತ್ಯವೇ ಇಲ್ಲ. ಬಾಕಿ ತೀರಿ, ಊರು ಬಿಟ್ಟವರು, ಉದ್ರಿ ನಿಲ್ಲಿಸಿದವರು, ಹೆಸರು ತೆಗೆಯಿರಿ ಎಂದು ಬಾಯಿಬಿಟ್ಟು ಕೇಳಿದವರು, ಇವರ ಪುಟಗಳನ್ನು ಅಳಿಸಿ. ದೀಪಾವಳಿಗೆ ಹೊಸ ಲೆಕ್ಕದ ಪುಸ್ತಕ ಪೂಜೆ ಮಾಡುವ ಅಂಗಡಿಯವರು ಅದರ ಹಿಂದಿನ ವಾರವನ್ನು ಈ ಕೆಲಸಕ್ಕೆ ಇಟ್ಟುಕೊಂಡರೆ ಎಲ್ಲವೂ ಒಮ್ಮೆಗೇ ಮುಗಿಯುತ್ತದೆ.

ಹೆಸರು ತೆಗೆಯಲು ಕೇಳಿದವರಿಗೆ ನಿಜ ಹೇಳುವುದೂ ಅಂಗಡಿಯವರ ಕರ್ತವ್ಯ. ಒಬ್ಬರ ವೈಯಕ್ತಿಕ ಮಾಹಿತಿಯನ್ನು ಪಡೆದ ಉದ್ದೇಶ ತೀರಿದ ಮೇಲೆ, ಬೇರೆ ಕಾನೂನು ಇಟ್ಟುಕೊಳ್ಳಲು ಹೇಳದ ಹೊರತು ಅದನ್ನು ಅಳಿಸಬೇಕು ಎಂಬುದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಲುವು. ಕಾಕಾನ ಹೆಸರು, ಫೋನ್ ನಂಬರು ಅಂಗಡಿಯ ಪಟ್ಟಿಯಿಂದ ಹೋಗಿದೆ, ಯಾರು ಆ್ಯಪ್ ತೆರೆದರೂ ಕಾಣುವುದಿಲ್ಲ. ಆದರೆ ಲೆಕ್ಕದ ಒಂದು ಪ್ರತಿ ಅಂಗಡಿಯವರ ಕಡತದಲ್ಲಿದೆ, ಆ್ಯಪ್ ಕಂಪನಿಯ ಸರ್ವರಿನಲ್ಲೂ ಕೆಲ ಕಾಲ ಇರಬಹುದು. ಅಲ್ಲಿಂದಲೂ ತೆಗೆಸಬೇಕೆಂದರೆ ಆ್ಯಪ್‌ನ ಸಹಾಯ ವಿಭಾಗಕ್ಕೆ ಬರೆದು ಕೇಳಬೇಕು. ಇಷ್ಟನ್ನು ಬಿಡಿಸಿ ಹೇಳಿ, ಅವರ ಮುಂದೆಯೇ ಪುಟ ಅಳಿಸಿ ಪರದೆ ತೋರಿಸಿ.